ಕಣಜದ ಲೆಕ್ಕ

ನಿವೃತ್ತನಾದ ಉಪಾಧ್ಯಾಯನಿಗೆ ಬಿಡುವಿದೆಯೆಂದು ಲೋಕವು ನಂಬಿರುವುದರಿಂದ, ನಾವು ವಾಸಿಸುವ ವಸತಿಸಮುಚ್ಚಯದ ಸಂಘದವರು ಮೂರು ವರ್ಷಗಳ ಹಿಂದೆ ನನ್ನನ್ನು ಖಜಾಂಚಿಯ ಸ್ಥಾನದಲ್ಲಿ ಕುಳ್ಳಿರಿಸಿದರು. ಪಾಠಶಾಲೆಯಲ್ಲಿ ವ್ಯಾಕರಣ ಕಲಿತವನಿಗೆ ಲೆಕ್ಕದ ಪುಸ್ತಕವು ಅಷ್ಟೇನೂ ಪರಕೀಯವಲ್ಲ. ಎರಡರಲ್ಲಿಯೂ ಒಂದು ಮಾತ್ರೆ ತಪ್ಪಿದರೆ ಅರ್ಥವೆಲ್ಲ ಕೆಡುತ್ತದೆ. ಕಳೆದ 2025ನೆಯ ಜುಲೈ ತಿಂಗಳಿನಲ್ಲಿ ಸಂಘದ ವಿಶೇಷ ಸಭೆಯ ಮುಂದೆ ನಾನೊಂದು ನಿವೇದನೆಯನ್ನು ಇಡಬೇಕಾಯಿತು. ಇಪ್ಪತ್ತು ವರ್ಷಗಳಿಂದ ಕೂಡಿಟ್ಟ ನಿಧಿಯಿದ್ದರೂ ಕಟ್ಟಡದ ದುರಸ್ತಿಗೆ ಮತ್ತೆ ಹಣವನ್ನೇಕೆ ಕೊಡಬೇಕೆಂಬುದು ಅದರ ವಿಷಯ. ಆ ಕಾಗದವು ನಮ್ಮ ಇಪ್ಪತ್ತುನಾಲ್ಕು ಸಂಸಾರಗಳಿಗಾಗಿ ಬರೆದದ್ದೇ ಆದರೂ, ಈಗ ಇಂತಹ ಕಟ್ಟಡಗಳಲ್ಲಿ ವಾಸಿಸುವ ವಾಚಕರು ಅನೇಕರಿರುವುದರಿಂದ ಅದರ ಸಾರವನ್ನು ಇಲ್ಲಿ ವಿಸ್ತರಿಸಿ ಹೇಳುವುದು ಅನುಚಿತವಾಗಲಾರದೆಂದು ಭಾವಿಸಿದ್ದೇನೆ.

ನಮ್ಮ ಕಟ್ಟಡವು ಮೈಸೂರಿನಲ್ಲಿದೆ. 1999ರಲ್ಲಿ ಕಟ್ಟಿ ಮುಗಿಸಿದ್ದು. ನೆಲಮಟ್ಟದಲ್ಲಿ ಕಂಬಗಳ ನಡುವೆ ವಾಹನಗಳನ್ನು ನಿಲ್ಲಿಸುವ ಸ್ಥಳ. ಅದರ ಮೇಲೆ ನಾಲ್ಕು ಮಹಡಿ. ಮಹಡಿಗೆ ಆರು ಮನೆ. ಹದಿನಾರು ಮನೆಗಳು ಸಾವಿರ ಚದರಡಿಯವು, ಎಂಟು ಮನೆಗಳು ಸಾವಿರದ ಐನೂರು ಚದರಡಿಯವು. ಒಟ್ಟು 28,000 ಚದರಡಿ. ಈ ಒಂದು ಸಂಖ್ಯೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಲೆಕ್ಕವೆಲ್ಲ ಸುಲಭವಾಗುವುದು.

ಪ್ರತಿ ತಿಂಗಳೂ ನಾವು ಸಂಘಕ್ಕೆ ಎರಡು ಬಗೆಯ ಹಣವನ್ನು ಕೊಡುತ್ತೇವೆ. ಒಂದು ನಿರ್ವಹಣೆಯ ವಂತಿಗೆ: ಕಾವಲುಗಾರನ ಸಂಬಳ, ಲಿಫ್ಟಿನ ವಿದ್ಯುತ್ತು, ಕಸ ಗುಡಿಸುವವರ ಕೂಲಿ ಇವು ಅದರಿಂದ ನಡೆಯುತ್ತವೆ. ಇನ್ನೊಂದನ್ನು ರಸೀತಿಯಲ್ಲಿ ‘ಸಿಂಕಿಂಗ್ ಫಂಡ್’ ಎಂದು ಅಚ್ಚುಹಾಕಿಸಿದ್ದಾರೆ. ಸಭೆಯಲ್ಲಿ ಒಬ್ಬರು ಎದ್ದು, “ಮೇಷ್ಟರೆ, ಇದೇನು ಮುಳುಗುವ ನಿಧಿಯೆ?” ಎಂದು ಕೇಳಿದರು. ನಕ್ಕವರಲ್ಲಿ ನಾನೂ ಒಬ್ಬನು. ಆದರೆ ಆ ಹೆಸರಿನಲ್ಲಿ ಮುಳುಗಬೇಕಾದುದು ನಿಧಿಯಲ್ಲ, ಸಾಲ. ಇಂಗ್ಲೆಂಡಿನಲ್ಲಿ ವಾಲ್ಪೋಲ್ ಎಂಬ ಮಂತ್ರಿಯ ಯೋಜನೆಯಂತೆ 1717ರಲ್ಲಿ ರಾಷ್ಟ್ರದ ಸಾಲವನ್ನು ಕ್ರಮೇಣ ತಗ್ಗಿಸುವುದಕ್ಕಾಗಿ ಒಂದು ನಿಧಿಯನ್ನು ಪ್ರತ್ಯೇಕವಾಗಿ ತೆಗೆದಿಡುವ ಏರ್ಪಾಡಾಯಿತು. ಸಾಲವನ್ನು ತಗ್ಗಿಸುವ ನಿಧಿಯಾದುದರಿಂದ ಅದಕ್ಕೆ ಆ ಹೆಸರು. ಕಟ್ಟಡದ ವಿಷಯದಲ್ಲಿ ಸಾಲವೆಂದರೆ ಸವೆತ. ಲಿಫ್ಟು, ತಾರಸಿ, ಕೊಳವೆ, ಕಂಬ ಇವೆಲ್ಲ ದಿನದಿನವೂ ಸ್ವಲ್ಪ ಸ್ವಲ್ಪವೇ ವ್ಯಯವಾಗುತ್ತಿರುತ್ತವೆ. ನಾವು ಅವನ್ನು ಬಳಸುತ್ತಿರುವವರೆಗೆ ಅವುಗಳಿಗೆ ಸಾಲಗಾರರೇ. ಆದ್ದರಿಂದ ನನ್ನ ಕಾಗದದಲ್ಲಿ ನಾನು ಅದನ್ನು ಜೀರ್ಣೋದ್ಧಾರ ನಿಧಿಯೆಂದು ಕರೆದೆ. ದೇವಸ್ಥಾನಗಳ ದೆಸೆಯಿಂದ ಆ ಮಾತು ಎಲ್ಲರಿಗೂ ಪರಿಚಿತವಾದುದು.

ಧರ್ಮಶಾಸ್ತ್ರಕಾರರು ಗೃಹಸ್ಥರಲ್ಲಿ ಭೇದವನ್ನು ಹೇಳುವಾಗ ಕುಸೂಲಧಾನ್ಯನೆಂದೂ ಕುಂಭೀಧಾನ್ಯನೆಂದೂ ಹೇಳುತ್ತಾರೆ. ಕಣಜದಲ್ಲಿ ಧಾನ್ಯವಿರುವವನು ಒಬ್ಬ, ಗಡಿಗೆಯಲ್ಲಿ ಧಾನ್ಯವಿರುವವನು ಇನ್ನೊಬ್ಬ. ನಮ್ಮ ಸಂಘದಲ್ಲಿ ಎರಡೂ ಇವೆ. ನಿರ್ವಹಣೆಯ ವಂತಿಗೆ ಗಡಿಗೆಯ ಕಾಳು. ತಿಂಗಳು ತಿಂಗಳು ತುಂಬಿ ತಿಂಗಳು ತಿಂಗಳು ಬರಿದಾಗತಕ್ಕದ್ದು. ಜೀರ್ಣೋದ್ಧಾರ ನಿಧಿ ಕಣಜದ ಕಾಳು. ಗಡಿಗೆ ಬರಿದಾದಾಗಲೆಲ್ಲ ಕಣಜಕ್ಕೆ ಕೈಹಾಕುವ ಮನೆಯಲ್ಲಿ ಎರಡೂ ಉಳಿಯುವುದಿಲ್ಲ.

ಇನ್ನು ನಮ್ಮ ಕಣಜದ ಚರಿತ್ರೆ. 2005ನೆಯ ಏಪ್ರಿಲಿನಲ್ಲಿ ಅಂದಿನ ಸಮಿತಿಯವರು ಚದರಡಿಗೆ ತಿಂಗಳಿಗೆ 50 ಪೈಸೆಯಂತೆ ನಿಧಿಯನ್ನು ಪ್ರಾರಂಭಿಸಿದರು. ವರ್ಷಕ್ಕೆ 1,68,000 ರೂಪಾಯಿ. 2025ನೆಯ ಮಾರ್ಚಿಗೆ ಇಪ್ಪತ್ತು ವರ್ಷ ತುಂಬಿದಾಗ ಸದಸ್ಯರು ಕೊಟ್ಟದ್ದು 33,60,000 ರೂಪಾಯಿ. ಬ್ಯಾಂಕಿನ ಠೇವಣಿಯಿಂದ ಬಂದ ಬಡ್ಡಿ, ತೆರಿಗೆಯನ್ನು ಕಳೆದು, 16,30,000. ಬಡ್ಡಿಗೆ ತೆರಿಗೆಯೇಕೆಂದು ಪ್ರತಿವರ್ಷವೂ ಯಾರಾದರೂ ಕೇಳುವುದುಂಟು. ಸದಸ್ಯರು ತಮ್ಮತಮ್ಮಲ್ಲೇ ಕೂಡಿಸಿಕೊಂಡ ವಂತಿಗೆಯು ಸಂಘದ ಆದಾಯವಲ್ಲವೆಂಬುದು ನಿಜ. ಆದರೆ ಬ್ಯಾಂಕು ಕೊಡುವ ಬಡ್ಡಿಗೆ ಆ ನ್ಯಾಯ ಸಲ್ಲದೆಂದು ಬೆಂಗಳೂರು ಕ್ಲಬ್ಬಿನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ತೀರ್ಪು ಕೊಟ್ಟಿದೆ. ಆ ಪ್ರಶ್ನೆಯನ್ನು ಅಲ್ಲಿಗೇ ಬಿಡಬೇಕು.

ಕಣಜದಿಂದ ತೆಗೆದದ್ದು ಮೂರು ಸಲ. 2017ರಲ್ಲಿ ಹೊರಗೋಡೆಗಳ ಬಣ್ಣಕ್ಕೆ 6,80,000. 2020–21ರ ಮಹಾಮಾರಿಯ ವರ್ಷದಲ್ಲಿ ನಿರ್ವಹಣೆಯ ವಂತಿಗೆಯನ್ನು ಇಳಿಸಿ, ಬಿದ್ದ ಕೊರತೆಯನ್ನು ತುಂಬಲು 3,20,000. 2022ರಲ್ಲಿ ಹಳೆಯ ಲಿಫ್ಟನ್ನು ತೆಗೆದು ಹೊಸದನ್ನು ಹಾಕಿಸಲು 11,00,000. ಒಟ್ಟು 21,00,000. ಉಳಿದದ್ದು 28,90,000 ರೂಪಾಯಿ. ಬ್ಯಾಂಕಿನ ಠೇವಣಿಪತ್ರಗಳೊಡನೆ ಈ ಮೊತ್ತವನ್ನು ಸಭೆಯಲ್ಲಿ ಯಾರು ಬೇಕಾದರೂ ತಾಳೆ ನೋಡಬಹುದಾಗಿತ್ತು, ನಾಲ್ವರು ನೋಡಿದರು.

ಲಿಫ್ಟಿನ ವಿಷಯದಲ್ಲಿ ಯಾರ ಆಕ್ಷೇಪವೂ ಇಲ್ಲ, ನಿಧಿಯಿರುವುದೇ ಅದಕ್ಕೆ. ಬಣ್ಣದ ವಿಷಯ ಹಾಗಲ್ಲ. ಬಣ್ಣ ಬಳಿಸುವುದು ಅಧರ್ಮವೆಂದು ನಾನು ಹೇಳುತ್ತಿಲ್ಲ. ಆದರೆ ಬಣ್ಣಕ್ಕೆಂದು ಯಾವ ಭಾಗವನ್ನೂ ಕೂಡಿಸದೆ, ಲಿಫ್ಟು ತಾರಸಿಗಳಿಗೆಂದು ಕೂಡಿಸಿದ್ದನ್ನು ಅದಕ್ಕೆ ತೆಗೆದರು. ಮಹಾಮಾರಿಯ ವರ್ಷದ ಕೊರತೆಯಂತೂ ಶುದ್ಧವಾಗಿ ಗಡಿಗೆಯ ಖರ್ಚು. ಅಂದಿನವರ ಕಷ್ಟವನ್ನು ಬಲ್ಲೆನಾದುದರಿಂದ ದೂಷಿಸಲಾರೆ. ವಾಲ್ಪೋಲನೇ ತಾನು ಏರ್ಪಡಿಸಿದ ನಿಧಿಯಿಂದ 1733ರಲ್ಲಿ ಐದು ಲಕ್ಷ ಪೌಂಡುಗಳನ್ನು ವರ್ಷದ ಖರ್ಚಿಗೆ ತೆಗೆದನು, ಜಮೀನುದಾರರ ಕಂದಾಯ ಏರದಿರಲೆಂದು. ಮಂತ್ರಿಗೆ ತಡೆಯಲಾಗದ್ದನ್ನು ನಮ್ಮ ಸಮಿತಿ ತಡೆಯಬೇಕಾಗಿತ್ತೆಂದು ಹೇಗೆ ಹೇಳಲಿ?

ಈಗ ದುರಸ್ತಿಯ ಸಂಗತಿ. 2025ನೆಯ ಫೆಬ್ರವರಿಯಲ್ಲಿ ಪೂರ್ವದ ಕಡೆಯ ಬಾಲ್ಕನಿಯ ತಳದಿಂದ ಅಂಗೈಯಗಲದ ಕಾಂಕ್ರೀಟು ಚಕ್ಕೆ ಕೆಳಗೆ ನಿಲ್ಲಿಸಿದ್ದ ಸ್ಕೂಟರಿನ ಮೇಲೆ ಬಿದ್ದಿತು. ಸಂಜೆಯಾಗಿದ್ದರೆ ಅಲ್ಲಿ ಮಕ್ಕಳಿರುತ್ತಿದ್ದರು. ಸಮಿತಿಯು ಕಟ್ಟಡಗಳ ದೃಢತೆಯನ್ನು ಪರೀಕ್ಷಿಸುವ ಎಂಜಿನಿಯರೊಬ್ಬರನ್ನು ಕರೆಸಿತು. ಅವರು ಮಾಡಿದ ಪರೀಕ್ಷೆಯನ್ನು ನಾನು ಜೊತೆಯಲ್ಲಿದ್ದು ನೋಡಿದೆನು. ಅದು ವರ್ಣಿಸಲು ಯೋಗ್ಯವಾದುದು.

ಮೊದಲು ಒಂದು ಸಣ್ಣ ಸುತ್ತಿಗೆಯಿಂದ ಕಂಬಗಳನ್ನು ಮೇಲಿನಿಂದ ಕೆಳಗಿನವರೆಗೆ ತಟ್ಟುತ್ತ ಹೋದರು. ಗಟ್ಟಿಯಾದೆಡೆ ಶಬ್ದವು ಚುರುಕಾಗಿ ಮೊಳಗುವುದು. ಒಳಗೆ ಪದರ ಬಿಟ್ಟೆಡೆ ಹಲಸಿನ ಹಣ್ಣನ್ನು ತಟ್ಟಿದಂತೆ ಡೊಳ್ಳಾಗಿ ಕೇಳುವುದು. ಕೆಲವೆಡೆ ಗಿಲಾವಿನ ಬಿರುಕು ಕಂಬದ ಉದ್ದಕ್ಕೆ, ಒಳಗಿನ ಕಂಬಿಯ ಜಾಡಿನಲ್ಲಿಯೇ, ನೇರವಾಗಿ ಇಳಿದಿತ್ತು. ಗಿಲಾವು ಒಣಗಿ ಬಿಡುವ ಬಿರುಕು ಜೇಡರ ಬಲೆಯಂತೆ ಅಡ್ಡಾದಿಡ್ಡಿಯಾಗಿರುತ್ತದೆ. ಕಂಬಿಯ ಜಾಡನ್ನು ಹಿಡಿದ ಬಿರುಕು ರೋಗದ ಗುರುತು. ಅನಂತರ ಒಂದೆಡೆ ಹೊಸದಾಗಿ ಕೆತ್ತಿ, ಫಿನಾಲ್ಫ್‌ಥಲೀನ್ ಎಂಬ ದ್ರವವನ್ನು ಸಿಂಪಡಿಸಿದರು. ಒಳಭಾಗವು ಕುಂಕುಮದ ನೀರು ಚೆಲ್ಲಿದಂತೆ ಕೆಂಪಾಯಿತು. ಹೊರಗಿನ ಸುಮಾರು 20 ಮಿಲಿಮೀಟರು ಮಾತ್ರ ಬಣ್ಣವಿಲ್ಲದೆ ಉಳಿಯಿತು.

ಇದರ ಅರ್ಥವಿಷ್ಟು. ಹೊಸ ಕಾಂಕ್ರೀಟಿನಲ್ಲಿ ಸುಣ್ಣದ ಕ್ಷಾರಗುಣವಿರುತ್ತದೆ. ಆ ಗುಣವಿರುವವರೆಗೆ ಒಳಗಿನ ಕಬ್ಬಿಣದ ಕಂಬಿ ತುಕ್ಕು ಹಿಡಿಯುವುದಿಲ್ಲ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡು ಹೊರಮೈಯಿಂದ ಮೆಲ್ಲಮೆಲ್ಲನೆ ಒಳನುಗ್ಗಿ ಆ ಗುಣವನ್ನು ಕಳೆಯುತ್ತದೆ. ಕಳೆದುಹೋದ ಭಾಗದಲ್ಲಿ ದ್ರವವು ಬಣ್ಣವನ್ನು ತೋರುವುದಿಲ್ಲ. ಆ ಎಲ್ಲೆಯು ಕಂಬಿಯನ್ನು ಮುಟ್ಟಿ, ನೀರಿನ ಪಸೆಯೂ ಸೇರಿತೆಂದರೆ ತುಕ್ಕು ಪ್ರಾರಂಭ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಸ್ಥಳವನ್ನು ಬೇಡುವುದರಿಂದ ಒಳಗಿನಿಂದಲೇ ಒತ್ತಿ ಕಾಂಕ್ರೀಟನ್ನು ಸೀಳುತ್ತದೆ. ಕಂಬಗಳಲ್ಲಿ ಕಂಬಿಯ ಮೇಲೆ 40 ಮಿಲಿಮೀಟರು ಕಾಂಕ್ರೀಟು ಇರಬೇಕೆಂಬುದು ಭಾರತೀಯ ಮಾನಕದ ವಿಧಿ. ನಮ್ಮಲ್ಲಿ ಕೆಲವು ಕಂಬಗಳ ಒಂದೊಂದು ಮಗ್ಗುಲಲ್ಲಿ ಅದು 20ಕ್ಕಿಂತ ಕಡಮೆಯಿತ್ತು. ಕಾಂಕ್ರೀಟು ಸುರಿಯುವಾಗ ಕಂಬಿಗಳ ಪಂಜರವು ಒಂದು ಪಕ್ಕಕ್ಕೆ ವಾಲಿದ್ದರೆ ಹಾಗಾಗುವುದೆಂದು ಎಂಜಿನಿಯರು ಹೇಳಿದರು.

“ಇಪ್ಪತ್ತು ವರ್ಷ ಏನೂ ಆಗದ್ದು ಈಗೇಕೆ ಒಮ್ಮೆಲೇ?” ಎಂದು ಹಲವರು ಕೇಳಿದರು. ಒಮ್ಮೆಲೇ ಆದದ್ದಲ್ಲ. ಈ ಎಲ್ಲೆಯು ಕಾಲದ ವರ್ಗಮೂಲಕ್ಕೆ ಅನುಗುಣವಾಗಿ ಸಾಗುತ್ತದೆ. ಎಂದರೆ ದೂರವು ಎರಡರಷ್ಟಾಗಲು ಕಾಲವು ನಾಲ್ಕರಷ್ಟು ಬೇಕು. ಮೊದಲ ಆರೂವರೆ ವರ್ಷದಲ್ಲಿ 10 ಮಿಲಿಮೀಟರು ಸಾಗಿದ್ದರೆ 20 ಮಿಲಿಮೀಟರನ್ನು ಮುಟ್ಟುವುದು ಇಪ್ಪತ್ತಾರನೆಯ ವರ್ಷದಲ್ಲಿ. ನಮ್ಮ ಕಟ್ಟಡಕ್ಕೆ ಈಗ ಅದೇ ವಯಸ್ಸು. 2017ರಲ್ಲಿಯೇ ಸಣ್ಣ ಬಿರುಕುಗಳು ಕಂಡಿದ್ದುವಂತೆ. ಬಣ್ಣದವರು ಅವಕ್ಕೆ ಸಿಮೆಂಟು ಮೆತ್ತಿ ಮೇಲೆ ಬಣ್ಣ ಹೊಡೆದರು. ಹೀಗೆ ನಿಧಿಯ ಹಣದಿಂದಲೇ ರೋಗಕ್ಕೆ ಮರೆಯೂ ಆಯಿತು.

ವರದಿಯ ಪ್ರಕಾರ ಇಪ್ಪತ್ತು ಕಂಬಗಳಲ್ಲಿ ಏಳು, ಪೂರ್ವದ ಬಾಲ್ಕನಿಗಳು, ತಾರಸಿಯ ಮೇಲಿನ ನೀರಿನ ತೊಟ್ಟಿ ಮತ್ತು ಅದರ ಆಧಾರಗಳು ದುರಸ್ತಿಯನ್ನು ಬೇಡುತ್ತಿದ್ದುವು. ಕೆಲಸ ಮುಗಿಯುವವರೆಗೆ ತೊಟ್ಟಿಯನ್ನು ಅರ್ಧಕ್ಕಿಂತ ಹೆಚ್ಚು ತುಂಬಬಾರದೆಂದೂ ಬಾಲ್ಕನಿಗಳ ಕೆಳಗೆ ಯಾರೂ ಸುಳಿಯಬಾರದೆಂದೂ ಬರೆದಿದ್ದರು. ಅಂದಿನಿಂದ ನಮಗೆ ದಿನಕ್ಕೆ ಎರಡು ಹೊತ್ತು ಮಾತ್ರ ನೀರು.

ದುರಸ್ತಿಯೆಂದರೆ ಬಿರುಕನ್ನು ಮುಚ್ಚುವುದಲ್ಲ. ಮೊದಲು ತೊಲೆಗಳಿಗೆ ಉಕ್ಕಿನ ಆಸರೆಗಳನ್ನು ಕೊಡಬೇಕು. ಸತ್ತ ಕಾಂಕ್ರೀಟನ್ನು ಕಂಬಿಯ ಹಿಂಬದಿಗೆ ಬೆರಳು ಹೋಗುವಷ್ಟು ಆಳಕ್ಕೆ ಕೆತ್ತಿ ತೆಗೆಯಬೇಕು. ಮುಂಬದಿಯನ್ನಷ್ಟೇ ಕೆತ್ತಿದರೆ ಹಿಂಬದಿಯ ತುಕ್ಕು ಎರಡು ಮೂರು ಮಳೆಗಾಲಗಳಲ್ಲಿ ಮತ್ತೆ ಹೊರಗೆ ಬರುತ್ತದೆ. ಕಂಬಿಯನ್ನು ಹೊಳೆಯುವಂತೆ ಉಜ್ಜಿ, ತೀರ ಸವೆದಲ್ಲಿ ಜೊತೆಗೆ ಹೊಸ ಕಂಬಿಯನ್ನು ಕೂಡಿಸಿ, ತುಕ್ಕು ತಡೆಯುವ ಲೇಪವನ್ನು ಬಳಿದು, ಹಳೆಯದಕ್ಕೂ ಹೊಸದಕ್ಕೂ ಬೆಸುಗೆಯಾಗುವ ದ್ರವವನ್ನು ಹಚ್ಚಿ, ಅದು ಒಣಗುವ ಮುನ್ನ ವಿಶೇಷವಾದ ಗಾರೆಯನ್ನು ತುಂಬಿ, ಕೆಲವು ದಿನ ತೇವವಾಗಿಟ್ಟು ಕಾಪಾಡಬೇಕು. ಕಡೆಗೆ ಗಾಳಿ ನೀರುಗಳನ್ನು ತಡೆಯುವ ಹೊರಲೇಪ.

ಇದಕ್ಕೆ ಬಂದ ಅಂದಾಜು ಹೀಗಿದೆ. ಸಾರುವೆ ಮತ್ತು ಆಸರೆಗಳಿಗೆ 4 ಲಕ್ಷ. ಕಂಬ, ತೊಲೆ, ಬಾಲ್ಕನಿಗಳಿಗೆ 22 ಲಕ್ಷ. ತೊಟ್ಟಿಗೆ 6 ಲಕ್ಷ. ತಾರಸಿಯಲ್ಲಿ ನೀರು ಇಳಿಯದಂತೆ ಮಾಡಲು 8 ಲಕ್ಷ. ಒಟ್ಟು 40 ಲಕ್ಷ. ಅದರ ಮೇಲೆ ಶೇಕಡ 18ರ ಸರಕು ಸೇವಾ ತೆರಿಗೆ 7,20,000. ಎಂಜಿನಿಯರರ ಮೇಲ್ವಿಚಾರಣೆಗೆ 1,80,000. ಇದಲ್ಲದೆ ಅನಿರೀಕ್ಷಿತಕ್ಕೆಂದು 7 ಲಕ್ಷ. ಎಲ್ಲ ಸೇರಿ 56 ಲಕ್ಷ ರೂಪಾಯಿ.

ಕೊನೆಯ 7 ಲಕ್ಷದ ಮೇಲೆ ಸಭೆಯಲ್ಲಿ ಬಹಳ ಮಾತು ನಡೆಯಿತು. ಅನಿರೀಕ್ಷಿತವೆಂದ ಮೇಲೆ ಅದನ್ನು ಮೊದಲೇ ಕೇಳುವುದೇಕೆಂದು ತರ್ಕದಲ್ಲಿ ನಿಪುಣರಾದ ಒಬ್ಬ ವಕೀಲರು ಪ್ರಶ್ನಿಸಿದರು. ಅನ್ನ ಬೆಂದಿದೆಯೆ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕೆಂಬುದು ಸ್ಥಾಲೀಪುಲಾಕ ನ್ಯಾಯ. ಒಂದೇ ಪಾತ್ರೆಯ, ಒಂದೇ ಉರಿಯ ಅಗುಳುಗಳಿಗೆ ಅದು ಸಲ್ಲುತ್ತದೆ. ಕಂಬಗಳಿಗೆ ಸಲ್ಲದು. ಒಂದರ ಪಂಜರ ವಾಲಿರುತ್ತದೆ, ಇನ್ನೊಂದರದು ವಾಲಿರುವುದಿಲ್ಲ. ಒಂದಕ್ಕೆ ಕೊಳವೆಯ ಸೋರಿಕೆ ತಗಲಿರುತ್ತದೆ, ಇನ್ನೊಂದಕ್ಕೆ ಇಲ್ಲ. ಕೆತ್ತಿ ನೋಡಿದಲ್ಲದೆ ರೋಗದ ವಿಸ್ತಾರವು ತಿಳಿಯದು. ಆದ್ದರಿಂದಲೇ ಗುತ್ತಿಗೆಯನ್ನು ಒಟ್ಟು ಮೊತ್ತಕ್ಕೆ ಕೊಡದೆ, ಅಳತೆಗೆ ತಕ್ಕಂತೆ ದರ ಕೊಡುವ ಕರಾರಿನಲ್ಲಿ ಕೊಟ್ಟಿದ್ದೇವೆ. ಒಟ್ಟು ಮೊತ್ತವನ್ನು ಒಪ್ಪಿಕೊಂಡ ಗುತ್ತಿಗೆದಾರನು ಕಡಮೆ ಕೆತ್ತಿದಷ್ಟೂ ಲಾಭ ಪಡೆಯುತ್ತಾನೆ. ಅಳತೆಯ ಗುತ್ತಿಗೆಯಲ್ಲಿ ಹೆಚ್ಚು ಕೆತ್ತುವ ಆಸೆಯುಂಟು. ಅದಕ್ಕಾಗಿ, ಕೆತ್ತಿದ ಮೇಲೆ ಗಾರೆ ತುಂಬುವ ಮುನ್ನ ಎಂಜಿನಿಯರು ಅಳೆದು ಪುಸ್ತಕದಲ್ಲಿ ಬರೆದು ಸಹಿ ಹಾಕುವ ನಿಯಮವನ್ನಿಟ್ಟಿದ್ದೇವೆ.

ಇನ್ನು ಹಣವೆಲ್ಲಿ? ಕಣಜದಲ್ಲಿರುವ 28,90,000ದಲ್ಲಿ 6,50,000 ಉಳಿಸಿಕೊಂಡು 22,40,000 ತೆಗೆಯುವುದೆಂದು ನನ್ನ ಸಲಹೆ. ಪೂರ್ತಿ ತೆಗೆದರೆ ನಾಳೆ ಪಂಪು ಸುಟ್ಟರೂ ಮನೆಮನೆಗೆ ಹೋಗಿ ಕೈಚಾಚಬೇಕಾಗುವುದು. ಹೀಗೆ ಕೊರತೆಯಾಗುವುದು 33,60,000 ರೂಪಾಯಿ. ಚದರಡಿಗೆ 120. ಚಿಕ್ಕ ಮನೆಗೆ 1,20,000, ದೊಡ್ಡ ಮನೆಗೆ 1,80,000.

ಈ ಸಂಖ್ಯೆಯನ್ನು ಬರೆದ ರಾತ್ರಿ ನಾನು ಅದನ್ನು ಬಹಳ ಹೊತ್ತು ನೋಡುತ್ತ ಕುಳಿತೆನು. 33,60,000 ಎಂದರೆ ಇಪ್ಪತ್ತು ವರ್ಷಗಳಲ್ಲಿ ಸದಸ್ಯರೆಲ್ಲರೂ ನಿಧಿಗೆ ಕೊಟ್ಟ ಮೊತ್ತವೇ, ಒಂದು ರೂಪಾಯಿ ಹೆಚ್ಚಿಲ್ಲ, ಕಡಮೆಯಿಲ್ಲ. ಚದರಡಿಗೆ 50 ಪೈಸೆಯ ಬದಲು ಒಂದು ರೂಪಾಯಿ ಕೊಟ್ಟಿದ್ದರೆ ಬಡ್ಡಿಯ ಮಾತಿಲ್ಲದೆಯೇ ಈ ಕೊರತೆ ತುಂಬುತ್ತಿತ್ತು. ಬಡ್ಡಿಯನ್ನು ಹಿಡಿದರೆ 20 ಲಕ್ಷಕ್ಕೂ ಹೆಚ್ಚು ಮಿಗುತ್ತಿತ್ತು. ಅದೇ ಬಣ್ಣಕ್ಕೂ ಮಹಾಮಾರಿಯ ಕೊರತೆಗೂ ತೆಗೆದ ಹತ್ತು ಲಕ್ಷವನ್ನು ಮುಟ್ಟದೆ ಇಟ್ಟಿದ್ದರೆ? ಬಡ್ಡಿ ಸೇರಿ ಈಗ ಸುಮಾರು 14 ಲಕ್ಷವಾಗುತ್ತಿತ್ತು. ಆಗಲೂ 20 ಲಕ್ಷದಷ್ಟು ಕೊರತೆಯೇ. ಸಭೆಯಲ್ಲಿ ಅನೇಕರಿಗೆ ಹಿಂದಿನ ಸಮಿತಿಯನ್ನು ನಿಂದಿಸುವ ಇಷ್ಟವಿತ್ತು. ಲೆಕ್ಕವು ಅದಕ್ಕೆ ಅಷ್ಟಾಗಿ ಒತ್ತಾಸೆ ಕೊಡುವುದಿಲ್ಲ. ಕಣಜಕ್ಕೆ ಕೈಹಾಕಿದ್ದು ಚಿಕ್ಕ ಕಾರಣ. 2005ರಲ್ಲಿ ಗೊತ್ತುಮಾಡಿದ ಐವತ್ತು ಪೈಸೆಯನ್ನು ಇಪ್ಪತ್ತು ವರ್ಷ ಯಾರೂ ಮುಟ್ಟದಿದ್ದದ್ದು ದೊಡ್ಡ ಕಾರಣ. ಮಹಾರಾಷ್ಟ್ರದ ಸಹಕಾರಿ ವಸತಿಸಂಘಗಳ ಮಾದರಿ ಉಪವಿಧಿಗಳಲ್ಲಿ, ಕಟ್ಟಡದ ವೆಚ್ಚದ ಶೇಕಡ ಕಾಲರಷ್ಟನ್ನಾದರೂ ವರ್ಷ ವರ್ಷ ಈ ನಿಧಿಗೆ, ಮುಕ್ಕಾಲರಷ್ಟನ್ನು ದುರಸ್ತಿಯ ನಿಧಿಗೆ ತೆಗೆಯಬೇಕೆಂದು ಹೇಳಿದೆ. ನಮ್ಮಲ್ಲಿ ಐವತ್ತು ಪೈಸೆ ಹೇಗೆ ಬಂದಿತೆಂದು ಹಳಬರನ್ನು ಕೇಳಿದೆ. ಚಿಲ್ಲರೆಗೆ ತೊಂದರೆಯಾಗದಿರಲೆಂದು ಹಾಗೆ ಗೊತ್ತುಮಾಡಿದರಂತೆ.

ಹಂಚಿಕೆಯ ವಿಷಯದಲ್ಲಿ ಮೂರು ತಕರಾರುಗಳು ಬಂದುವು. ಮೊದಲನೆಯ ಮಹಡಿಯವರು, ತಾರಸಿ ನಮ್ಮ ತಲೆಯ ಮೇಲಿಲ್ಲವಲ್ಲ ಎಂದರು. ನಾಲ್ಕನೆಯ ಮಹಡಿಯವರು ಕಂಬಗಳ ವಿಷಯದಲ್ಲಿ ಹಾಗೆ ಹೇಳದಿದ್ದದ್ದು ಅವರ ಸೌಜನ್ಯ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನದ ಅಧಿನಿಯಮದಂತೆ ಸಾಮಾನ್ಯ ವೆಚ್ಚವನ್ನು ಪ್ರತಿಯೊಬ್ಬ ಒಡೆಯನು ತನ್ನ ಅವಿಭಕ್ತ ಪಾಲಿಗೆ ಅನುಸಾರವಾಗಿ ಹೊರಬೇಕು. ಸಾಮಾನ್ಯ ಭಾಗವನ್ನು ತಾನು ಬಳಸುವುದಿಲ್ಲವೆಂದು ಯಾರೂ ಹೊಣೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ನಮ್ಮ ಪತ್ರಗಳಲ್ಲಿ ಆ ಪಾಲು ಚದರಡಿಯನ್ನೇ ಅನುಸರಿಸಿದೆ. ಮನೆಗೆ ಬೀಗ ಹಾಕಿ ಪರದೇಶದಲ್ಲಿರುವವರಿಗೂ ಇದೇ ಉತ್ತರವನ್ನು ಬರೆದೆ.

ಎರಡನೆಯ ತಕರಾರು 2023ರಲ್ಲಿ ಮನೆಯನ್ನು ಕೊಂಡ ತರುಣ ದಂಪತಿಗಳದು. ಇಪ್ಪತ್ತು ವರ್ಷಗಳ ಸವೆತಕ್ಕೆ ನಾವೇಕೆ ತೆರಬೇಕೆಂದು ಅವರು ಕೇಳಿದ್ದರಲ್ಲಿ ನ್ಯಾಯವಿಲ್ಲದೆ ಇಲ್ಲ. ಆದರೆ ಮಾರಿದವನು ಹದಿನೆಂಟು ವರ್ಷ ನಿಧಿಗೆ ಕೊಟ್ಟದ್ದನ್ನು ಹಿಂದಕ್ಕೆ ಪಡೆಯಲಿಲ್ಲ. ಅದು ಮನೆಯೊಡನೆ ಇವರಿಗೆ ಬಂದಿತು. ಸವೆತವೂ ಹಾಗೆಯೇ ಬಂದಿತು. ಇಂತಹ ಮನೆಯನ್ನು ಕೊಳ್ಳುವವರು ಬೆಲೆ ಕಟ್ಟುವ ಮೊದಲು ಸಂಘದ ನಿಧಿಯಲ್ಲಿ ಎಷ್ಟಿದೆ, ಮುಂದೆ ಯಾವ ದುರಸ್ತಿಯಿದೆ ಎಂಬ ಎರಡು ಪ್ರಶ್ನೆಗಳನ್ನು ಕೇಳುವುದು ಒಳ್ಳೆಯದು. ಮನೆಯ ನೆಲಹಾಸನ್ನು ನೋಡುವವರೇ ಹೆಚ್ಚು.

ಮೂರನೆಯದು ತಕರಾರಲ್ಲ. ಮೂರನೆಯ ಮಹಡಿಯಲ್ಲಿ ಒಬ್ಬರೇ ಇರುವ ವೃದ್ಧೆಯೊಬ್ಬರು, ಗಂಡನ ಕುಟುಂಬ ಪಿಂಚಣಿಯಿಂದ ಜೀವಿಸುವವರು, ಸಭೆಯಲ್ಲಿ ಮಾತಾಡಲಿಲ್ಲ. ಮರುದಿನ ನಮ್ಮ ಮನೆಗೆ ಬಂದು, “ಮೇಷ್ಟರೆ, ಕೊಡುವುದಿಲ್ಲ ಅನ್ನುವುದಿಲ್ಲ. ಅವಧಿ ಕೊಡಿ” ಎಂದರು. ಚಿಕ್ಕ ಮನೆಗೆ ಮೂರು ತಿಂಗಳಿಗೊಮ್ಮೆ 30,000ದಂತೆ ನಾಲ್ಕು ಕಂತುಗಳೆಂದು ಗೊತ್ತಾಗಿತ್ತು. ನಾನೂ ಪಿಂಚಣಿದಾರನೇ, ನನ್ನದೂ ಚಿಕ್ಕ ಮನೆಯೇ. ಆ ಕಂತಿನ ಭಾರವನ್ನು ಬಲ್ಲೆ. ಒಬ್ಬರಿಗೆ ವಿನಾಯತಿ ಕೊಟ್ಟರೆ ಆ ಮೊತ್ತವು ಉಳಿದ ಇಪ್ಪತ್ತುಮೂವರ ಮೇಲೆ ಬೀಳುವುದು, ಅದಕ್ಕೆ ಖಜಾಂಚಿಗೆ ಅಧಿಕಾರವಿಲ್ಲ. ಆದರೆ ಕಾಲವನ್ನು ಕೊಡಬಹುದು. ಗುತ್ತಿಗೆದಾರನ ಹಣದಲ್ಲಿ ಶೇಕಡ 5ನ್ನು ಒಂದು ವರ್ಷ ನಮ್ಮಲ್ಲೇ ಹಿಡಿದಿಡುತ್ತೇವಾದುದರಿಂದ, ಅಂತಹವರ ಬಾಕಿಗೆ ಅಷ್ಟು ಅವಕಾಶವಿದೆಯೆಂದು ಲೆಕ್ಕದಿಂದ ತೋರಿಸಿದೆ. ಇಬ್ಬರಿಗೆ ಎರಡು ವರ್ಷಗಳ ಅವಧಿಯನ್ನು ಬಡ್ಡಿಯಿಲ್ಲದೆ ಕೊಡುವುದೆಂದು ಸಮಿತಿಯು ಒಪ್ಪಿತು. ಅವರ ಹೆಸರುಗಳು ನನ್ನ ಪುಸ್ತಕದಲ್ಲಿವೆ, ಸೂಚನಾಫಲಕದಲ್ಲಿಲ್ಲ.

ಮುಂದಿನ ದರವನ್ನೂ ಅಂದೇ ನಿಶ್ಚಯಿಸಿದೆವು. ಠೇವಣಿಯ ಬಡ್ಡಿಯು ಬೆಲೆಯ ಏರಿಕೆಯನ್ನು ಹೆಚ್ಚುಕಡಮೆ ಸರಿದೂಗಿಸುವುದೆಂದು ಇಟ್ಟುಕೊಂಡು, ಪ್ರತಿಯೊಂದು ವಸ್ತುವಿನ ಇಂದಿನ ಬೆಲೆಯನ್ನು ಅದರ ಆಯುಸ್ಸಿನಿಂದ ಭಾಗಿಸಿದೆ. ಲಿಫ್ಟಿಗೆ 12 ಲಕ್ಷ, ಇಪ್ಪತ್ತು ವರ್ಷ: ವರ್ಷಕ್ಕೆ 60,000. ತಾರಸಿಗೆ 8 ಲಕ್ಷ, ಹತ್ತು ವರ್ಷ: 80,000. ಬಣ್ಣಕ್ಕೆ 12,60,000, ಏಳು ವರ್ಷ: 1,80,000, ಈ ಸಲ ಅದಕ್ಕೂ ಕಣಜದಲ್ಲಿ ತನ್ನದೇ ಮೂಲೆಯಿದೆ. ಕೊಳವೆ, ತಂತಿ, ಪಂಪುಗಳಿಗೆ 1,84,000. ಒಟ್ಟು 5,04,000, ಚದರಡಿಗೆ ತಿಂಗಳಿಗೆ ಒಂದೂವರೆ ರೂಪಾಯಿ. ಮೂರು ವರ್ಷಗಳಿಗೊಮ್ಮೆ ಈ ಪಟ್ಟಿಯನ್ನು ತಿದ್ದತಕ್ಕದ್ದೆಂದು ನಿರ್ಣಯದಲ್ಲಿ ಸೇರಿಸಿದ್ದೇವೆ.

ಮಳೆಗಾಲ ಕಳೆದ ಮೇಲೆ ಕೆಲಸ ಪ್ರಾರಂಭವಾಯಿತು. ಮೊದಲ ಕಂತನ್ನು ಇಪ್ಪತ್ತೊಂದು ಮನೆಯವರು ಅವಧಿಯೊಳಗೆ ಕೊಟ್ಟರು. ಮೂರನೆಯ ಕಂಬವನ್ನು ಕೆತ್ತಿದಾಗ, ವರದಿಯಲ್ಲಿ ಹೇಳಿದ್ದಕ್ಕಿಂತ ಒಂದೂವರೆ ಅಡಿ ಮೇಲಿನವರೆಗೂ ಕಂಬಿಗಳು ಪದರ ಪದರವಾಗಿ ಸುಲಿದು ಬಂದುವು. ತಕರಾರೆತ್ತಿದ್ದ ವಕೀಲರು ಅಂದು ಬೆಳಗ್ಗೆ ನಡೆದಾಡಲು ಇಳಿದವರು ಅದನ್ನು ನೋಡುತ್ತ ನಿಂತಿದ್ದರು. ಎಂಜಿನಿಯರು ಅಳತೆಯನ್ನು ಬರೆದು ಸಹಿ ಹಾಕಿದ ಮೇಲೆ, ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ಸಾಕ್ಷಿಯಾಗಿ ಅವರೂ ಸಹಿ ಹಾಕಿದರು.